ಸಕ್ಕರೆ, ರಕ್ತದೊತ್ತಡ ಮತ್ತು ನಮ್ಮ ಕಿವಿ

ಸಕ್ಕರೆ ಕಾಯಿಲೆಯುಳ್ಳವರು ವೈದ್ಯರ ಬಳಿಗೆ ಹೋದಾಗ ಕಣ್ಣು ತೋರಿಸಿರಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿರಿ, ಪಾದದಲ್ಲಿ ಗಾಯವಾಗದಂತೆ ನೋಡಿಕೊಳ್ಳಿರಿ ಎಂಬ ಮೂರು ಮಾತುಗಳನ್ನು ಸಾಮಾನ್ಯವಾಗಿ ಕೇಳುವರು. ನಾಲ್ಕನೆಯದಾಗಿ ಕಿವಿಯ ಮಾತು ಬರುವುದು ಅಪರೂಪ. ಕಿವಿ ಮಂದವಾದರೆ ಅದು ವಯಸ್ಸಿನ ಫಲವೆಂದು ರೋಗಿಯೂ ಮನೆಯವರೂ ಸುಮ್ಮನಾಗುವರು. ಆದರೆ ಕಣ್ಣನ್ನೂ ಮೂತ್ರಪಿಂಡವನ್ನೂ ಕೆಡಿಸುವ ಕಾರಣವೇ ಕಿವಿಯನ್ನೂ ಕೆಡಿಸಬಲ್ಲುದು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ವೈದ್ಯರ ಚೀಟಿಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಗೆ ಓದುತ್ತ ಕೇಳುತ್ತ ತಿಳಿದುಕೊಂಡುದನ್ನು ಇಲ್ಲಿ ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ಕಿವಿಯ ಒಳಗನ್ನು ನೋಡೋಣ. ಹೊರಗಿನ ಶಬ್ದವು ಕಿವಿದೆರೆಗೆ ತಾಗಿ, ಅಲ್ಲಿಂದ ಮೂರು ಚಿಕ್ಕ ಮೂಳೆಗಳ ಮೂಲಕ ಒಳಗಿವಿಗೆ ಹೋಗುವುದು. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಒಂದು ನಾಳವಿದೆ. ಅದರ ಹೆಸರು ಕಾಕ್ಲಿಯ. ನಾವು ಕರ್ಣಶಂಖವೆಂದು ಕರೆಯಬಹುದು. ಅದನ್ನು ಬಿಚ್ಚಿ ನೀಳವಾಗಿ ಹಿಡಿದರೆ ಸುಮಾರು 35 ಮಿಲಿಮೀಟರು ಉದ್ದವಾಗುವುದು. ಅದರ ಬುಡದಲ್ಲಿ ಎತ್ತರದ ಸ್ವರಗಳೂ ತುದಿಯಲ್ಲಿ ತಗ್ಗಿನ ಸ್ವರಗಳೂ ಗ್ರಹಿಸಲ್ಪಡುವುವು. ಸ್ವರದಿಂದ ಸ್ವರಕ್ಕೆ ಸ್ಥಳ ಬೇರೆಯಾಗುವ ಈ ಕ್ರಮವನ್ನು ಪ್ರಯೋಗದಿಂದ ತೋರಿಸಿದ ಬೆಕೇಶಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕರ್ಣಶಂಖದ ಉದ್ದಕ್ಕೂ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದದ ಅಲುಗಾಟವನ್ನು ನರದ ಸಂದೇಶವನ್ನಾಗಿ ಮಾರ್ಪಡಿಸುವುವು ಇವೇ. ಮನುಷ್ಯನಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಈ ಕೋಶಗಳು ಕೆಲಸ ಮಾಡಬೇಕಾದರೆ ಅವುಗಳ ಮೇಲಿರುವ ದ್ರವದಲ್ಲಿ ಸದಾ ಸುಮಾರು 80 ಮಿಲಿವೋಲ್ಟಿನಷ್ಟು ವಿದ್ಯುತ್ತಿರಬೇಕು. ಇದನ್ನು ಒಂದು ಬ್ಯಾಟರಿಯೆಂದೇ ಹೇಳಬಹುದು. ಅದನ್ನು ಹಗಲಿರುಳೂ ತುಂಬುತ್ತಿರುವುದು ನಾಳದ ಹೊರಗೋಡೆಯಲ್ಲಿರುವ ಒಂದು ಪಟ್ಟಿ. ಅದು ಪೂರಾ ಸೂಕ್ಷ್ಮ ರಕ್ತನಾಳಗಳಿಂದ ಹೆಣೆದುದಾದ್ದರಿಂದ ರಕ್ತಪಟ್ಟಿಯೆಂಬ ಹೆಸರು ಅದಕ್ಕೆ ಒಪ್ಪುವುದು. ನಿದ್ದೆಯಲ್ಲಿಯೂ ಬಿಡುವಿಲ್ಲದ ಈ ಪಟ್ಟಿಗೆ ರಕ್ತದ ಪೂರೈಕೆ ಕಡಮೆಯಾದರೆ ಬ್ಯಾಟರಿ ಇಳಿಯುವುದು. ರೋಮಕೋಶಗಳು ಜೀವಂತವಾಗಿದ್ದರೂ ಮಂಕಾಗುವುವು.

ಈ ರಕ್ತ ಬರುವ ದಾರಿಯಲ್ಲಿಯೇ ಕಿವಿಯ ದೌರ್ಬಲ್ಯವಿದೆ. ದೇಹದ ಅನೇಕ ಭಾಗಗಳಿಗೆ ಎರಡು ಮೂರು ಕಡೆಯಿಂದ ರಕ್ತ ಬರುವುದು. ಒಂದು ಕಟ್ಟಿದರೆ ಇನ್ನೊಂದು ಸ್ವಲ್ಪಮಟ್ಟಿಗಾದರೂ ನಡೆಸುವುದು. ಒಳಗಿವಿಗೆ ಬರುವುದು ಸಾಮಾನ್ಯವಾಗಿ ಒಂದೇ ಒಂದು ತೆಳುವಾದ ಧಮನಿ. ಅದು ಕವಲೊಡೆದು ಕರ್ಣಶಂಖದ ನಡುವಿನಲ್ಲಿ ಬುಡದಿಂದ ತುದಿಗೆ ಏರುವುದು. ಕೆರೆಯ ಕಾಲುವೆಯ ನೀರನ್ನು ನಂಬಿದ ನಮ್ಮ ಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಕಾಲುವೆ, ಬೇರೆ ಬಾವಿಯಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆ ಮೊದಲು ಒಣಗುವುದು.

ಮೂರು ಕಾಯಿಲೆಗಳೂ ಈ ಕಾಲುವೆಯನ್ನು ಬೇರೆ ಬೇರೆ ಕಡೆಯಲ್ಲಿ ಕೆಡಿಸುವುವು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಅತಿ ಸೂಕ್ಷ್ಮ ನಾಳಗಳ ಗೋಡೆ ದಪ್ಪವಾಗುವುದು, ಒಳದಾರಿ ಕಿರಿದಾಗುವುದು. ಸಕ್ಕರೆ ಕಾಯಿಲೆಯಿದ್ದು ತೀರಿಕೊಂಡವರ ಕಿವಿಯ ಮೂಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ರಕ್ತಪಟ್ಟಿಯ ನಾಳಗಳು ದಪ್ಪವಾಗಿದ್ದುದೂ, ಪಟ್ಟಿಯೇ ಕ್ಷೀಣಿಸಿದ್ದುದೂ, ರೋಮಕೋಶಗಳು ಕಡಮೆಯಾಗಿದ್ದುದೂ ಕಂಡುಬಂದಿದೆ. ರಕ್ತದೊತ್ತಡವು ಅದಕ್ಕಿಂತ ತುಸು ದೊಡ್ಡ ಧಮನಿಗಳನ್ನು ಗಡುಸಾಗಿ ಮಾಡುವುದು. ಕೊಬ್ಬು ಕಟ್ಟಿ ರಕ್ತಸಂಚಾರ ಕುಂದಿದವರಲ್ಲಿ ಇನ್ನೂ ಮೇಲಿನ ಕಾಲುವೆಯಲ್ಲಿಯೇ ತಡೆಯುಂಟಾಗುವುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ವೃದ್ಧರನ್ನು ಕುರಿತು 1993ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಹೃದಯ ಮತ್ತು ರಕ್ತನಾಳದ ರೋಗಗಳು ತಗ್ಗಿನ ಸ್ವರಗಳ ನಷ್ಟದೊಡನೆ ಹೆಚ್ಚಾಗಿ ಸೇರಿಬಂದುವು. ಹೆಂಗಸರಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗಿತ್ತು. ತಗ್ಗಿನ ಸ್ವರಗಳ ಸ್ಥಾನ ಕರ್ಣಶಂಖದ ತುದಿ, ಎಂದರೆ ನಮ್ಮ ಕೊನೆಯ ಗದ್ದೆ, ಎಂಬುದನ್ನು ನೆನೆದರೆ ಇದರ ಅರ್ಥವಾಗುವುದು.

ಸಕ್ಕರೆ ಕಾಯಿಲೆಯ ಲೆಕ್ಕ ಇನ್ನೂ ಗಟ್ಟಿಯಾದುದು. ಅಮೆರಿಕದಲ್ಲಿ 1999ರಿಂದ 2004ರವರೆಗೆ 20ರಿಂದ 69 ವರ್ಷದವರಲ್ಲಿ ನಡೆದ ಪರೀಕ್ಷೆಗಳ ಫಲ 2008ರಲ್ಲಿ ಹೊರಬಂದಿತು. ತಗ್ಗಿನ ಮತ್ತು ನಡುವಣ ಸ್ವರಗಳಲ್ಲಿ ಶ್ರವಣದೋಷವು ಸಕ್ಕರೆ ಕಾಯಿಲೆಯುಳ್ಳವರಲ್ಲಿ ನೂರಕ್ಕೆ 21 ಮಂದಿಗೂ, ಇಲ್ಲದವರಲ್ಲಿ 9 ಮಂದಿಗೂ ಇತ್ತು. ವಯಸ್ಸು, ಗದ್ದಲದ ಕೆಲಸ ಮೊದಲಾದುವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. ರಕ್ತದೊತ್ತಡ ಒಂದನ್ನೇ ಬೇರ್ಪಡಿಸಿ ನೋಡಿದರೆ ಸಂಬಂಧವು ಇಷ್ಟು ಬಲವಾಗಿಲ್ಲ. ಅದು ಸಕ್ಕರೆಯ ಜೊತೆಗೂಡಿದಾಗ ಚಿಂತೆ ಹೆಚ್ಚು.

ಒಂದು ಉದಾಹರಣೆಯಿಂದ ಇದು ತಿಳಿಯಾಗಬಹುದು. ನಮ್ಮ ದೊಡ್ಡಪ್ಪನವರಿಗೆ 57 ವರ್ಷ, ಹೊಲಿಗೆಯ ಕೆಲಸ. ಗಿರಣಿಯ ಸದ್ದಾಗಲಿ, ಪಟಾಕಿ ಬಂದೂಕುಗಳ ಸದ್ದಾಗಲಿ ಅವರ ಕಿವಿಗೆ ಬಿದ್ದುದಿಲ್ಲ. 11 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಗಿರಾಕಿಗಳು “ಜೇಬು ಒಂದೇ ಸಾಕು” ಎಂದರೆ ಅವರು “ಹಾಕು” ಎಂದು ಕೇಳಿ ಎರಡನೆಯ ಜೇಬನ್ನೂ ಹಾಕಿಬಿಡುವರು. “ಮಾತು ಕೇಳಿಸ್ತದಪ್ಪ, ಆದರೆ ಏನಂದರು ಅಂತ ತಿಳಿಯೋದಿಲ್ಲ” ಎಂದು ಅವರು ನನ್ನೊಡನೆ ಹೇಳಿದ ಮಾತೇ ಈ ದೋಷದ ಲಕ್ಷಣ. ಅ, ಆ, ಉ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಎತ್ತರದಲ್ಲಿದೆ. ಎತ್ತರದ ಸ್ವರಗಳು ಹೋದಾಗ ಮಾತಿನ ಸದ್ದು ಉಳಿದು ಅರ್ಥ ಜಾರುವುದು. ಹೆಂಗಸರ ಮತ್ತು ಮಕ್ಕಳ ಮಾತು ಗಂಡಸರ ಮಾತಿಗಿಂತ ಮೊದಲು ಅಸ್ಪಷ್ಟವಾಗುವುದು. ಸಂತೆಯಲ್ಲಿ, ಮದುವೆಯ ಮನೆಯಲ್ಲಿ ಕಷ್ಟ ಹೆಚ್ಚುವುದು.

ಅವರ ಶ್ರವಣಪರೀಕ್ಷೆಯ ಕಾಗದದಲ್ಲಿ ಎರಡು ಕಿವಿಗಳ ಗೆರೆಯೂ ಹೆಚ್ಚು ಕಡಮೆ ಒಂದೇ ಆಗಿತ್ತು. ಇಂತಹ ಕಾಗದದಲ್ಲಿ ಸುಮಾರು 25 ಡೆಸಿಬೆಲ್ಲಿನವರೆಗೆ ಸಹಜವೆಂದು ಬಹಳ ಕಾಲದಿಂದ ಎಣಿಸುತ್ತಾರೆ. ಅಂಕಿ ಹೆಚ್ಚಿದಷ್ಟೂ ನಷ್ಟ ಹೆಚ್ಚು. ದೊಡ್ಡಪ್ಪನವರಿಗೆ 500 ಹರ್ಟ್ಸಿನಲ್ಲಿ 30, 2000ದಲ್ಲಿ 40, 4000ದಲ್ಲಿ 55 ಇತ್ತು. ಕಿವಿದೆರೆಯೂ ಮೂಳೆಗಳೂ ಚೆನ್ನಾಗಿದ್ದುವು, ದೋಷವಿದ್ದುದು ಒಳಗಿವಿಯಲ್ಲಿ. ವಯಸ್ಸಿನಿಂದ ಮಾತ್ರ ಕೆಟ್ಟ ಕಿವಿಯಲ್ಲಿ ನಷ್ಟ ಮುಖ್ಯವಾಗಿ ಎತ್ತರದ ಸ್ವರಗಳಲ್ಲಿ ಕಾಣುವುದು. ಇಲ್ಲಿ ತಗ್ಗಿನ ಸ್ವರವೂ ತುಸು ಕುಂದಿದ್ದುದರಿಂದ ವೈದ್ಯರಿಗೆ ರಕ್ತಸಂಚಾರದ ಮೇಲೆ ಗುಮಾನಿ ಬಂದಿತು. ಕಾಗದವೊಂದರಿಂದಲೇ ಇದಕ್ಕೆ ಸಕ್ಕರೆಯೇ ಕಾರಣವೆಂದು ತೀರ್ಮಾನಿಸಲಾಗುವುದಿಲ್ಲವೆಂದೂ ಅವರು ಹೇಳಿದರು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.6 ಬಂದಿತು, ರಕ್ತದೊತ್ತಡ 158/96.

ಒಂದು ವರ್ಷ ಔಷಧ, ಊಟ, ನಡಿಗೆಗಳನ್ನು ಕ್ರಮವಾಗಿ ನಡೆಸಿದ ಮೇಲೆ ಆ ಅಂಕಿಗಳು 7.1ಕ್ಕೂ 128/78ಕ್ಕೂ ಇಳಿದುವು. ಕಿವಿಯ ಗೆರೆ ಮಾತ್ರ ಮೇಲೇರಲಿಲ್ಲ, ಕೆಳಗೂ ಇಳಿಯಲಿಲ್ಲ. “ಇಷ್ಟೆಲ್ಲ ಪಥ್ಯ ಮಾಡಿ ಏನು ಬಂತು?” ಎಂದು ದೊಡ್ಡಮ್ಮ ಕೇಳಿದರು. ಅದಕ್ಕೆ ಪ್ರಾಮಾಣಿಕವಾದ ಉತ್ತರ ಹೀಗಿದೆ. ಸತ್ತ ಕೋಶ ಹಿಂತಿರುಗುವುದಿಲ್ಲ. ನಿಯಂತ್ರಣದಿಂದ ಉಳಿಯಬಹುದಾದುದು ಇನ್ನೂ ಬದುಕಿರುವ ಕೋಶಗಳು. ಪರೀಕ್ಷೆಯಲ್ಲಿಯೇ 5 ಡೆಸಿಬೆಲ್ಲಿನ ಹೆಚ್ಚು ಕಡಮೆ ಸಹಜವಾದುದರಿಂದ ಒಂದು ವರ್ಷದ ಗೆರೆಯನ್ನು ನೋಡಿ ಗೆದ್ದೆವೆನ್ನುವುದೂ ಸೋತೆವೆನ್ನುವುದೂ ಸರಿಯಲ್ಲ.

ನಿಯಂತ್ರಣದ ವಿಚಾರದಲ್ಲಿ ಸಾಕ್ಷ್ಯವೂ ಇಷ್ಟೇ ಎಚ್ಚರಿಕೆಯಿಂದ ಓದಬೇಕಾದುದು. ಚಿಕ್ಕ ವಯಸ್ಸಿನಲ್ಲಿಯೇ ಇನ್‌ಸುಲಿನ್ ಬೇಕಾಗುವ ಬಗೆಯ ಸಕ್ಕರೆ ಕಾಯಿಲೆಯವರನ್ನು 1983ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಂಬಾಲಿಸಿ ನೋಡಿದ ಒಂದು ದೊಡ್ಡ ಅಧ್ಯಯನವಿದೆ. ಅವರ ಕಿವಿಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ವರ್ಷಗಳುದ್ದಕ್ಕೂ ಸಕ್ಕರೆಯ ಸರಾಸರಿ ಹೆಚ್ಚಿದ್ದವರಲ್ಲಿ ಶ್ರವಣದೋಷ ಹೆಚ್ಚಾಗಿತ್ತು. ಆದರೆ ಮೊದಲ ಕೆಲವು ವರ್ಷ ಬಿಗಿಯಾದ ಚಿಕಿತ್ಸೆ ಪಡೆದ ಗುಂಪಿಗೂ ಸಾಮಾನ್ಯ ಚಿಕಿತ್ಸೆಯ ಗುಂಪಿಗೂ ಗಣನೀಯವಾದ ಅಂತರ ಕಾಣಲಿಲ್ಲ. ಇದರಿಂದ ನನಗೆ ತೋರುವುದಿಷ್ಟು: ಕೆಲವು ವರ್ಷಗಳ ಶಿಸ್ತನ್ನು ನೆಚ್ಚುವಂತಿಲ್ಲ, ಜೀವಮಾನದ ಸರಾಸರಿಯೇ ಲೆಕ್ಕಕ್ಕೆ ಬರುವುದು. ಅನೇಕ ರೋಗಿಗಳಿಗೆ ವೈದ್ಯರು ಇಟ್ಟುಕೊಳ್ಳುವ ಗುರಿ ಎಚ್‌ಬಿಎ1ಸಿ 7ಕ್ಕಿಂತ ಕೆಳಗೆ, ರಕ್ತದೊತ್ತಡ 130/80ಕ್ಕಿಂತ ಕೆಳಗೆ. ವಯಸ್ಸಾದವರಿಗೆ ಇದನ್ನು ಸಡಿಲಿಸುವುದೂ ಉಂಟು.

ಔಷಧಗಳ ವಿಷಯದಲ್ಲಿಯೂ ಒಂದು ಮಾತಿದೆ. ಜೆಂಟಮೈಸಿನ್ ಮುಂತಾದ ಕೆಲವು ಸೂಜಿಮದ್ದುಗಳು ರೋಮಕೋಶಗಳನ್ನು ಕೊಲ್ಲಬಲ್ಲುವು. ಮೂತ್ರಪಿಂಡ ಕುಂದಿದ್ದರೆ ಅವು ದೇಹದಲ್ಲಿ ಹೆಚ್ಚು ಕಾಲ ನಿಲ್ಲುವುದರಿಂದ ಅಪಾಯ ಹೆಚ್ಚುವುದು. ಆದಕಾರಣ ಸೋಂಕಿಗಾಗಿ ಆಸ್ಪತ್ರೆ ಸೇರುವ ಸಕ್ಕರೆ ರೋಗಿಯು ತನ್ನ ಮೂತ್ರಪಿಂಡದ ಮತ್ತು ಕಿವಿಯ ಸ್ಥಿತಿಯನ್ನು ಮೊದಲೇ ತಿಳಿಸುವುದು ಒಳ್ಳೆಯದು.

ನಿಧಾನವಾಗಿ ಬರುವ ಮಂದತನವನ್ನು ಹೊರತು ಇನ್ನೊಂದು ಬಗೆಯನ್ನು ಎಲ್ಲರೂ ತಿಳಿದಿರಬೇಕು. ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಏಳುವಾಗ, ಇಲ್ಲವೆ ಮೂರು ದಿನಗಳೊಳಗೆ, ಇದ್ದಕ್ಕಿದ್ದಂತೆ ಮುಚ್ಚಿದಂತಾಗಬಹುದು. ಸಾಮಾನ್ಯವಾಗಿ ಒಂದೇ ಕಿವಿ. ಗುಂಯ್ ಎಂಬ ಸದ್ದೂ ತಲೆಸುತ್ತೂ ಜೊತೆಗಿರಬಹುದು. ಗುಗ್ಗೆಯಿಂದಾಗಿರಬಹುದೆಂದು ಎಣ್ಣೆ ಬಿಟ್ಟು ಕಾಯುವುದು ಇಲ್ಲಿ ಸಲ್ಲದು. ಅದೇ ದಿನ ಕಿವಿಯ ವೈದ್ಯರಿಗೆ ತೋರಿಸಬೇಕು. ಸ್ಟೀರಾಯ್ಡ್ ಔಷಧವನ್ನು ಮೊದಲ ಎರಡು ವಾರಗಳೊಳಗೆ ಆರಂಭಿಸುವುದು ರೂಢಿ, ಬೇಗನಾದಷ್ಟೂ ಮೇಲು. ಆ ಔಷಧವೇ ಸಕ್ಕರೆಯನ್ನು ಏರಿಸುವುದರಿಂದ ಮಧುಮೇಹದವರು ಅದನ್ನು ಹೇಳಬೇಕು. ಅಂಥವರಿಗೆ ಕಿವಿದೆರೆಯ ಮೂಲಕವೇ ಔಷಧ ಕೊಡುವ ವಿಧಾನವೂ ಇದೆ. ಮುಖ ಸೊಟ್ಟಾಗುವುದು, ಕೈಕಾಲು ಸೋಲುವುದು, ನಾಲಿಗೆ ತೊದಲುವುದು ಇದರೊಡನೆ ಕಂಡರೆ ಅದು ಮೆದುಳಿನ ರಕ್ತನಾಳದ ವಿಚಾರ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಸಕ್ಕರೆ ಕಾಯಿಲೆ ಗೊತ್ತಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಸಲಹೆ ಮಾಡಿದೆ. ನೋವಿಲ್ಲದ ಈ ಪರೀಕ್ಷೆಗೆ ಅರ್ಧ ಗಂಟೆ ಹಿಡಿಯಬಹುದು. ಇದನ್ನು ಮಾಡುವ ದೊಡ್ಡ ಸಂಸ್ಥೆ ನಮ್ಮಲ್ಲಿಯೇ ಇದೆ: ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಮ್ಮ ದೊಡ್ಡಪ್ಪನವರು ಈಗ ಶ್ರವಣಯಂತ್ರವನ್ನು ಹಾಕಿಕೊಂಡಿದ್ದಾರೆ. ಅಂಗಡಿಯಲ್ಲಿ “ಸಾಕು”, “ಹಾಕು” ಬೇರೆಯಾಗಿವೆ, ಸಂತೆಯಲ್ಲಿ ಇನ್ನೂ ಕಷ್ಟವೇ. ಮನೆಯಲ್ಲಿ ಮಧುಮೇಹವುಳ್ಳ ಹಿರಿಯರಿದ್ದರೆ ಸಕ್ಕರೆಯ ಚೀಟಿಗಳನ್ನಿಡುವ ಕಡತದಲ್ಲಿಯೇ ಕಿವಿಯ ಮೊದಲ ಕಾಗದವನ್ನೂ ಇಡಿರಿ. ಮುಂದಿನ ವರ್ಷ ಹೋಲಿಸಿ ನೋಡಲು ಹಿಂದಿನದೊಂದು ಗೆರೆಯಿರಬೇಕಲ್ಲವೆ?