ಸಂಡೂರಿನ ಗಣಿ ತೀರ್ಪನ್ನು ನಾಲ್ಕು ಸಾಲಿಗೆ ಇಳಿಸುವುದು ಹೇಗೆ? ವಾಕ್ಯ ಎತ್ತಬೇಕಾ, ಹೊಸದಾಗಿ ಬರೆಯಬೇಕಾ?

‘ಬಳ್ಳಾರಿ ಗಣಿಗಾರಿಕೆ ಮೇಲಿನ ನಿಷೇಧ ತೆರವು’. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಹೀಗೆ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಇದನ್ನು ಸುಳ್ಳು ಅನ್ನೋಕಾಗಲ್ಲ. ಆದರೆ ಅದೇ ತೀರ್ಪು 49 ಗುತ್ತಿಗೆಗಳನ್ನು ರದ್ದು ಮಾಡಿತು, ಅಗೆಯುವ ಅದಿರಿಗೆ ವಾರ್ಷಿಕ ಮಿತಿ ಹಾಕಿತು, ಮತ್ತೆ ಶುರು ಮಾಡುವವರ ಮುಂದೆ ಷರತ್ತುಗಳ ಸಾಲನ್ನೇ ಇಟ್ಟಿತು. ಇವೆಲ್ಲ ಆ ಒಂದು ಸಾಲಿನಲ್ಲಿ ಮಾಯ.

ದೊಡ್ಡ ದಾಖಲೆಯನ್ನು ಚಿಕ್ಕದಾಗಿಸುವ ಕೆಲಸವನ್ನು ಈಗ ನಾವೆಲ್ಲ ಮಾಡುತ್ತಿದ್ದೇವೆ. ವಾಟ್ಸ್ಆ್ಯಪ್ ಗುಂಪಿಗೆ, ಪೋಸ್ಟರ್‌ಗೆ, ಗ್ರಾಮಸಭೆಯ ಅರ್ಜಿಗೆ ತೀರ್ಪುಗಳನ್ನೂ ವರದಿಗಳನ್ನೂ ಇಳಿಸುತ್ತೇವೆ. ಇದಕ್ಕೆ ಇರುವ ದಾರಿ ಮುಖ್ಯವಾಗಿ ಎರಡು. ಯಾವ ದಾರಿ ಯಾವಾಗ ಹಿಡಿಯಬೇಕು ಅನ್ನೋದಕ್ಕೆ ಸಂಡೂರು-ಹೊಸಪೇಟೆಯ ಗಣಿ ಪ್ರಕರಣಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಎರಡು ದಾರಿ

ಮೊದಲನೆಯದು ‘ಎಕ್ಸ್‌ಟ್ರಾಕ್ಟಿವ್’, ಅಂದ್ರೆ ಆಯ್ದು ಎತ್ತುವುದು. ಮೂಲದಲ್ಲಿರುವ ವಾಕ್ಯಗಳಲ್ಲೇ ಮುಖ್ಯವಾದವನ್ನು ಆರಿಸಿ, ಒಂದಕ್ಷರ ಬದಲಿಸದೆ ಜೋಡಿಸುವುದು. ಯಂತ್ರದಿಂದ ಇದನ್ನು ಮಾಡಿಸುವ ಪ್ರಯತ್ನ 1958ರಷ್ಟು ಹಳೆಯದು. ಐಬಿಎಂನ ಹಾನ್ಸ್ ಪೀಟರ್ ಲೂನ್ ಒಂದು ಲೇಖನದಲ್ಲಿ ಮತ್ತೆ ಮತ್ತೆ ಬರುವ ಮುಖ್ಯ ಪದಗಳನ್ನು ಎಣಿಸಿ, ಅವು ಒತ್ತಾಗಿ ಬರುವ ವಾಕ್ಯಗಳಿಗೆ ಹೆಚ್ಚು ಅಂಕ ಕೊಟ್ಟು, ಆ ವಾಕ್ಯಗಳನ್ನಷ್ಟೇ ಎತ್ತಿಟ್ಟ.

ಎರಡನೆಯದು ‘ಅಬ್‌ಸ್ಟ್ರಾಕ್ಟಿವ್’. ಓದಿ, ಅರ್ಥ ಮಾಡಿಕೊಂಡು, ಹೊಸ ವಾಕ್ಯಗಳಲ್ಲಿ ಬರೆಯುವುದು. ಮನುಷ್ಯರು ಕಥೆ ಹೇಳುವುದು ಹೀಗೇ. ಓದಲು ಸಲೀಸು, ಅಳತೆಯಲ್ಲೂ ಚಿಕ್ಕದು. ತೊಂದರೆ ಏನಂದ್ರೆ, ಹೊಸ ವಾಕ್ಯ ಹುಟ್ಟುವಾಗ ಮೂಲದಲ್ಲಿಲ್ಲದ ಮಾತೂ ಅದರ ಜೊತೆ ಹುಟ್ಟಬಹುದು. ಬಿಬಿಸಿ ಸುದ್ದಿಗಳನ್ನು ಒಂದೇ ವಾಕ್ಯಕ್ಕೆ ಇಳಿಸುವ ತಂತ್ರಾಂಶಗಳನ್ನು 2020ರಲ್ಲಿ ಸಂಶೋಧಕರು ಪರೀಕ್ಷಿಸಿದಾಗ, ಶೇ 70ಕ್ಕೂ ಹೆಚ್ಚು ಸಾರಾಂಶಗಳಲ್ಲಿ ಮೂಲ ಸುದ್ದಿಯ ಆಧಾರವಿಲ್ಲದ ಏನಾದರೊಂದು ಸೇರಿಕೊಂಡಿತ್ತು. ಯಂತ್ರವೇ ಆಗಬೇಕಿಲ್ಲ. ಅವಸರದಲ್ಲಿರುವ ಮನುಷ್ಯನೂ ಇದನ್ನೇ ಮಾಡುತ್ತಾನೆ.

ಒಂದು ಗುತ್ತಿಗೆ, ಒಂದು ಲೆಕ್ಕ

ಈಗ ಪ್ರಕರಣಕ್ಕೆ ಬರೋಣ. ಸಮಾಜ ಪರಿವರ್ತನಾ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ಕೋರ್ಟ್ ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿ, ಅಂದ್ರೆ ಸಿಇಸಿ, ಜಂಟಿ ಸಮೀಕ್ಷೆಯ ಆಧಾರದ ಮೇಲೆ 166 ಗುತ್ತಿಗೆಗಳನ್ನು ವಿಂಗಡಿಸಿತು: ಎ ವರ್ಗದಲ್ಲಿ 45, ಬಿ ವರ್ಗದಲ್ಲಿ 72, ಸಿ ವರ್ಗದಲ್ಲಿ 49.

ವಿಂಗಡಣೆಯ ಸಾರ ಹೀಗಿದೆ. ಅಕ್ರಮ ಇಲ್ಲದಿದ್ದರೆ ಅಥವಾ ತೀರಾ ಅಲ್ಪವಾಗಿದ್ದರೆ ಎ. ಮಂಜೂರಾದ ಗಡಿಯ ಹೊರಗೆ ತೋಡಿದ ಗುಂಡಿ ಗುತ್ತಿಗೆ ಪ್ರದೇಶದ ಶೇ 10ರವರೆಗೆ ಮತ್ತು ಹೊರಗೆ ಸುರಿದ ತ್ಯಾಜ್ಯ ಮಣ್ಣಿನ ರಾಶಿ ಶೇ 15ರವರೆಗೆ ಇದ್ದರೆ ಬಿ. ಇವುಗಳಲ್ಲಿ ಯಾವುದಾದರೂ ಒಂದು ಮೀರಿದರೆ ಸಿ. ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ರಾಜಾರೋಷವಾಗಿ ಮುರಿದಿದ್ದರೂ, ಬೇರೆಯವರ ಗುತ್ತಿಗೆಯಲ್ಲಿ ಅಕ್ರಮ ಗಣಿಗಾರಿಕೆ ಮಾಡಿದ್ದರೂ ಸಿ.

ಇದನ್ನು ‘ಸೊಂತ ಮಾತಲ್ಲಿ’ ಹೇಳಲು ಹೊರಟವರು ಸಾಮಾನ್ಯವಾಗಿ ಬರೆಯುವುದು ಇಷ್ಟು: ‘ಶೇ 10-15ರಷ್ಟು ಅಕ್ರಮ ಎಸಗಿದವರು ಬಿ, ಅದಕ್ಕಿಂತ ಹೆಚ್ಚು ಎಸಗಿದವರು ಸಿ.’ ಕೇಳೋಕೆ ಸರಿಯಾಗೇ ಇದೆ. ಒಂದು ಕಲ್ಪಿತ ಗುತ್ತಿಗೆ ಇಟ್ಟುಕೊಂಡು ಪರೀಕ್ಷಿಸಿ ನೋಡಿ.

ಗುತ್ತಿಗೆ ಪ್ರದೇಶ 50 ಹೆಕ್ಟೇರ್ ಎನ್ನೋಣ. ಗಡಿಯಾಚೆ 4 ಹೆಕ್ಟೇರ್ ಗುಂಡಿ, 6 ಹೆಕ್ಟೇರ್ ಮಣ್ಣಿನ ರಾಶಿ. ಗುಂಡಿ ಶೇ 8, ರಾಶಿ ಶೇ 12. ಎರಡೂ ಮಿತಿಯೊಳಗಿವೆ, ಹಾಗಾಗಿ ಇದು ಬಿ. ಆದರೆ ಮೇಲಿನ ಸಾರಾಂಶ ಓದಿದವರು ಎರಡನ್ನೂ ಕೂಡಿ ‘ಶೇ 20 ಅಕ್ರಮ, ಇದು ಸಿ ಆಗಬೇಕಿತ್ತು, ಯಾರೋ ಉಳಿಸಿದ್ದಾರೆ’ ಅಂತ ಆರೋಪ ಮಾಡುತ್ತಾರೆ. ಈಗ ಗುಂಡಿ 6 ಹೆಕ್ಟೇರ್, ರಾಶಿ ಶೂನ್ಯ ಮಾಡಿ ನೋಡಿ. ಶೇ 12. ಸಾರಾಂಶದ ಪ್ರಕಾರ ಬಿ, ನಿಜದಲ್ಲಿ ಸಿ. ಇನ್ನು, ಗುಂಡಿಯೂ ಇಲ್ಲ, ರಾಶಿಯೂ ಇಲ್ಲ, ಆದರೆ ಅರಣ್ಯ ಕಾಯ್ದೆಯ ಘೋರ ಉಲ್ಲಂಘನೆ ಇದೆ ಅಂದ್ರೆ ಸಾರಾಂಶಕ್ಕೆ ಅದು ಕಾಣಿಸುವುದೇ ಇಲ್ಲ.

ಬಿದ್ದುಹೋದದ್ದು ಏನು? ಶೇಕಡಾವಾರು ಯಾವುದರದ್ದು ಅನ್ನುವ ಮಾತು (ನೆಲದ್ದು, ಅದಿರಿನದ್ದಲ್ಲ), ಎರಡು ಮಿತಿಗಳೂ ಬೇರೆ ಬೇರೆ ಅನ್ನುವುದು, ಮತ್ತೆ ‘ಅಥವಾ’ ಅನ್ನುವ ಒಂದು ಪದ. ರದ್ದಾಗುವ ಗುತ್ತಿಗೆಗೂ ಉಳಿಯುವ ಗುತ್ತಿಗೆಗೂ ಮಧ್ಯೆ ಇದ್ದದ್ದು ಅಷ್ಟೇ.

ಹಣದ ವಿಷಯದಲ್ಲೂ ಹೀಗೇ. ಅಕ್ರಮ ಗುಂಡಿಗೆ ಹೆಕ್ಟೇರಿಗೆ ₹5 ಕೋಟಿ, ಅಕ್ರಮ ರಾಶಿಗೆ ಹೆಕ್ಟೇರಿಗೆ ₹1 ಕೋಟಿ ಪರಿಹಾರ ಎಂದು ನಿಗದಿಯಾಯಿತು. ನಮ್ಮ ಮೊದಲ ಗುತ್ತಿಗೆಗೆ 20 ಮತ್ತು 6, ಒಟ್ಟು ₹26 ಕೋಟಿ. ಆದರೆ ಇದು ಕೊನೆಯ ಲೆಕ್ಕ ಅಲ್ಲ. ಅಂತಿಮ ನಿರ್ಧಾರದಲ್ಲಿ ಮೊತ್ತ ಹೆಚ್ಚಾದರೆ ಉಳಿದದ್ದನ್ನೂ ಕಟ್ಟುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. ‘₹26 ಕೋಟಿ ದಂಡ ಕಟ್ಟಿ ಪಾರಾದರು’ ಎಂದು ಬರೆದರೆ, ‘ಅಂತಿಮ ನಿರ್ಧಾರಕ್ಕೆ ಒಳಪಟ್ಟು’ ಅನ್ನುವುದು ಹೋಯಿತು. ನಾಳೆ ಬಾಕಿ ಕೇಳುವ ಹಕ್ಕು ಜನರ ತಲೆಯಿಂದಲೂ ಹೋಯಿತು.

‘ಬಳ್ಳಾರಿ’ ಅಂದ್ರೆ ಯಾವ ಬಳ್ಳಾರಿ?

ಇನ್ನೊಂದು ಉದಾಹರಣೆ ವಾರ್ಷಿಕ ಮಿತಿಯದ್ದು. 2013ರಲ್ಲಿ ಬಳ್ಳಾರಿಗೆ 2.5 ಕೋಟಿ ಟನ್. ಚಿತ್ರದುರ್ಗ ಮತ್ತು ತುಮಕೂರು ಎರಡೂ ಸೇರಿ 50 ಲಕ್ಷ ಟನ್. 2017ರ ಡಿಸೆಂಬರ್‌ನಲ್ಲಿ ಅದು 2.8 ಕೋಟಿ ಮತ್ತು 70 ಲಕ್ಷ ಆಯಿತು. 2022ರ ಆಗಸ್ಟ್‌ನಲ್ಲಿ 3.5 ಕೋಟಿ ಮತ್ತು 1.5 ಕೋಟಿ.

ಈ ನಡುವೆ 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸಪೇಟೆ, ಹಂಪಿ ಆ ಕಡೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈಗ ಯಾರಾದರೂ 2013ರ ತೀರ್ಪನ್ನು ಹೊಸದಾಗಿ ಬರೆಯುತ್ತಾ ‘ಬಳ್ಳಾರಿ ಜಿಲ್ಲೆಗೆ 2.5 ಕೋಟಿ ಟನ್ ಮಿತಿ, ವಿಜಯನಗರ ಜಿಲ್ಲೆಗೆ ಮಿತಿಯ ಉಲ್ಲೇಖವಿಲ್ಲ’ ಅಂದರೆ, ಎರಡು ಅರ್ಧಕ್ಕೂ ಕಾಗದದ ಆಧಾರ ಇರುವಂತೆ ಕಾಣುತ್ತದೆ. ಆದರೆ ತೀರ್ಪಿನ ಬಳ್ಳಾರಿ ಅಂದ್ರೆ ಹೊಸಪೇಟೆ ತಾಲ್ಲೂಕೂ ಸೇರಿದ ಅಂದಿನ ಬಳ್ಳಾರಿ. ವ್ಯಾಸನಕೆರೆಯ ಗಣಿ ಆ ಮಿತಿಯ ಒಳಗೇ ಇತ್ತು. ಮೂಲ ವಾಕ್ಯವನ್ನು ಹಾಗೇ ಎತ್ತಿ, ಪಕ್ಕದಲ್ಲಿ ‘2013ರ ತೀರ್ಪು’ ಎಂದು ಬರೆದಿದ್ದರೆ ಓದುವವರು ತಾವೇ ‘ಯಾವ ಬಳ್ಳಾರಿ?’ ಎಂದು ಕೇಳುತ್ತಿದ್ದರು. ಹೊಸ ವಾಕ್ಯ ಆ ಪ್ರಶ್ನೆಗೂ ಜಾಗ ಬಿಡಲಿಲ್ಲ.

ಹಾಗಂತ ಎತ್ತಿದ್ದೆಲ್ಲ ಸತ್ಯ ಅಲ್ಲ

ಆಯ್ದು ಎತ್ತುವುದಕ್ಕೂ ಅದರದೇ ಗುಂಡಿಗಳಿವೆ. ತೀರ್ಪುಗಳಲ್ಲಿ ಅತಿ ದೊಡ್ಡದು ಇದು: ತೀರ್ಪಿನೊಳಗಿನ ಎಲ್ಲ ವಾಕ್ಯವೂ ಕೋರ್ಟಿನ ಮಾತಲ್ಲ. ಈ ಪ್ರಕರಣದಲ್ಲೇ ಗುತ್ತಿಗೆದಾರರ ವಕೀಲರು ಜಂಟಿ ಸಮೀಕ್ಷೆಯನ್ನು ಪ್ರಶ್ನಿಸಿದರು. ಗಣಿ ಕಾಯ್ದೆಯಲ್ಲೇ ಕ್ರಮದ ದಾರಿ ಇರುವಾಗ ಕೋರ್ಟ್ ಬೇರೆ ದಾರಿ ಹಿಡಿಯಬಾರದು ಎಂದೂ ವಾದಿಸಿದರು. ಕೋರ್ಟ್ ಆ ವಾದವನ್ನು ಮೊದಲು ವಿವರವಾಗಿ ಬರೆದುಕೊಂಡು, ಆಮೇಲೆ ಒಪ್ಪಲಿಲ್ಲ. ಪದ ಎಣಿಸಿ ವಾಕ್ಯ ಎತ್ತುವ ಲೂನ್ ವಿಧಾನಕ್ಕೆ ‘ಸಮೀಕ್ಷೆ’, ‘ಗುತ್ತಿಗೆ’, ‘ಕಾಯ್ದೆ’ ಒತ್ತಾಗಿರುವ ವಕೀಲರ ವಾಕ್ಯವೇ ಮೊದಲು ಕಣ್ಣಿಗೆ ಬೀಳುತ್ತದೆ. ಅಕ್ಷರ ಅಕ್ಷರವೂ ಮೂಲದ್ದೇ, ಅರ್ಥ ಮಾತ್ರ ತಲೆಕೆಳಗು.

ಎರಡನೆಯದು ‘ಸದರಿ ಗುತ್ತಿಗೆಗಳು’, ‘ಮೇಲ್ಕಂಡ ಷರತ್ತು’ ಥರದ ಪದಗಳು. ವಾಕ್ಯ ಕಿತ್ತು ತಂದಾಗ ‘ಸದರಿ’ಯ ಬೇರು ಅಲ್ಲೇ ಉಳಿದುಬಿಡುತ್ತದೆ. ಮೂರನೆಯದು, ವಿನಾಯಿತಿ ಮುಂದಿನ ವಾಕ್ಯದಲ್ಲಿರುವುದು. ಹಾಗಾಗಿ ವಾಕ್ಯ ಎತ್ತುವಾಗ ಅದರ ಹಿಂದಿನದನ್ನೂ ಮುಂದಿನದನ್ನೂ ಓದಲೇಬೇಕು. ‘ಆದರೆ’, ‘ಹೊರತುಪಡಿಸಿ’, ‘ಒಳಪಟ್ಟು’ ಎಂದು ಶುರುವಾದರೆ ಅದನ್ನೂ ಜೊತೆಗೆ ಎತ್ತಬೇಕು. ಈ ವಾಕ್ಯ ಯಾರದ್ದು, ಅರ್ಜಿದಾರರದ್ದೋ, ಗುತ್ತಿಗೆದಾರರದ್ದೋ, ಸಿಇಸಿಯದ್ದೋ, ಕೋರ್ಟಿನದ್ದೋ, ಅನ್ನುವುದನ್ನು ಮುಂದೆ ಬರೆಯಬೇಕು.

ಕನ್ನಡದವರಿಗೆ ಇನ್ನೊಂದು ತೊಡಕು. ತೀರ್ಪು ಇರುವುದು ಇಂಗ್ಲಿಷಿನಲ್ಲಿ. ಅನುವಾದ ಮಾಡಿದ ಕ್ಷಣವೇ ‘ಹಾಗೇ ಎತ್ತುವುದು’ ಮುಗಿಯಿತಲ್ಲ? ಪೂರ್ತಿ ಅಲ್ಲ. ಒಂದು ವಾಕ್ಯಕ್ಕೆ ಒಂದೇ ವಾಕ್ಯದಂತೆ ಅನುವಾದಿಸಿ, ಎರಡನ್ನು ಬೆಸೆಯದೆ, ಪಕ್ಕದಲ್ಲಿ ಪ್ಯಾರಾ ಸಂಖ್ಯೆ ಹಾಕಿದರೆ ಬೇಕಾದವರು ಹೋಗಿ ತಾಳೆ ನೋಡಬಹುದು. ವಾಕ್ಯ ಎತ್ತುವುದರ ನಿಜವಾದ ಲಾಭ ಇದೇ: ತಪ್ಪಾಗದು ಅಂತಲ್ಲ, ತಪ್ಪಾದರೆ ಹಿಡಿಯಬಹುದು ಅಂತ.

ಎಲ್ಲಿ ಯಾವುದು?

ಮೂಲದಲ್ಲಿ ಒಂದು ಪದ ಬದಲಾದರೆ ಯಾರದೋ ಹಕ್ಕು, ಹೊಣೆ ಅಥವಾ ಹಣ ಬದಲಾಗುವ ಕಡೆ ವಾಕ್ಯ ಎತ್ತಿ. ಆದೇಶದ ಭಾಗ, ಷರತ್ತು, ಮಿತಿ, ದಿನಾಂಕ, ವ್ಯಾಖ್ಯೆ, ಒಬ್ಬರ ಮೇಲಿನ ಆರೋಪ, ಇವೆಲ್ಲ ಆ ಪಟ್ಟಿಯಲ್ಲಿವೆ. ‘ಮಾಡಬಹುದು’ ಎಂಬುದು ‘ಮಾಡಬೇಕು’ ಆಗುವುದು ಇಲ್ಲೇ.

ಆದರೆ 2009ರಿಂದ 2022ರವರೆಗೆ ಏನೇನಾಯಿತು, ಅರ್ಜಿ ಯಾಕೆ ಬಂತು, ಮಿತಿ ಎರಡು ಸಲ ಹೇಗೆ ಬದಲಾಯಿತು ಅನ್ನುವುದನ್ನು ಕಂಪ್ಲಿಯ ಪಿಯುಸಿ ಹುಡುಗಿಗೆ ಹೇಳಬೇಕಾದರೆ ವಾಕ್ಯ ಎತ್ತಿ ಪ್ರಯೋಜನವಿಲ್ಲ. ಆ ಕಥೆ ಯಾವ ಒಂದು ಆದೇಶದಲ್ಲೂ ಪೂರ್ತಿಯಾಗಿಲ್ಲ; ಹಲವು ದಾಖಲೆ ಓದಿ ಹೊಸದಾಗಿಯೇ ಬರೆಯಬೇಕು. ಈ ಲೇಖನದ ಹೆಚ್ಚಿನ ಭಾಗವೂ ಹಾಗೆ ಬರೆದದ್ದೇ. ಅದಕ್ಕೇ ಗುತ್ತಿಗೆ ಬಗ್ಗೆ ಅರ್ಜಿ ಬರೆಯುವವರು ಇಲ್ಲಿನ ‘ವಿಂಗಡಣೆಯ ಸಾರ’ವನ್ನು ನಕಲು ಮಾಡಬೇಡಿ, ತೀರ್ಪನ್ನೇ ತೆರೆದು ಆ ವಾಕ್ಯಗಳನ್ನು ಎತ್ತಿಕೊಳ್ಳಿ.

ಕೈಗೆ ಬಂದ ಯಾವುದೇ ಸಾರಾಂಶವನ್ನು ಪರೀಕ್ಷಿಸಲು ಒಂದು ಪೆನ್ಸಿಲ್ ಸಾಕು. ಪ್ರತಿ ವಾಕ್ಯಕ್ಕೂ ಮೂಲದಲ್ಲಿ ಜೋಡಿ ವಾಕ್ಯ ಹುಡುಕಿ. ಸಿಕ್ಕಿದರೆ ಮೂರು ನೋಡಿ: ಅಂಕಿ ಯಾವುದರ ಮೇಲಿನದು, ಹೇಳಿದವರು ಯಾರು, ‘ಬಹುದು’ ಇದೆಯೋ ‘ಬೇಕು’ ಇದೆಯೋ. ಜೋಡಿ ವಾಕ್ಯ ಸಿಗದಿದ್ದರೆ ಆ ಸಾಲಿನ ಕೆಳಗೆ ಗೆರೆ ಎಳೆದು, ಕಳಿಸಿದವರನ್ನು ‘ಇದು ಎಷ್ಟನೇ ಪ್ಯಾರಾ?’ ಎಂದು ಕೇಳಿ. ಉತ್ತರ ಬರುವವರೆಗೆ ಫಾರ್ವರ್ಡ್ ಮಾಡಬೇಡಿ.