ಮಣಿಸರದಲ್ಲಿ ಬೀಜಗಣಿತದ ಬೀಜ

ಒಂದು ಕೆಂಪು ಮಣಿ, ಎರಡು ನೀಲಿ ಮಣಿ. ಮತ್ತೆ ಒಂದು ಕೆಂಪು, ಎರಡು ನೀಲಿ. ದಾರಕ್ಕೆ ಹೀಗೇ ಪೋಣಿಸುತ್ತ ಹೋದರೆ ಅದೊಂದು ವಿನ್ಯಾಸ. ಅದರಲ್ಲಿ ಮರಳಿ ಮರಳಿ ಬರುವ ಚಿಕ್ಕ ಗುಂಪು ‘ಕೆಂಪು-ನೀಲಿ-ನೀಲಿ’. ಇದೇ ಆ ವಿನ್ಯಾಸದ ಘಟಕ. ಶಾಲೆಗೆ ಸೇರುವ ಮೊದಲೇ ಮಗು ಈ ಘಟಕವನ್ನು ಕಂಡುಕೊಳ್ಳುವಂತೆ ಮಾಡುವುದೇ ಮಣಿ ಪೋಣಿಸುವ ಆಟದ ಉದ್ದೇಶ.

ಇದಕ್ಕೆ ನುಂಗಲಾಗದಷ್ಟು ದೊಡ್ಡ ಮಣಿಗಳು ಮತ್ತು ತುದಿ ಗಟ್ಟಿಯಿರುವ ಶೂ ಲೇಸು ಬೇಕು. ಮಣಿಗಳ ಆಕಾರ, ಗಾತ್ರ ಒಂದೇ ಆಗಿದ್ದು ಬಣ್ಣ ಮಾತ್ರ ಬೇರೆಯಾಗಿದ್ದರೆ ಮಗುವಿನ ಗಮನ ಚದುರುವುದಿಲ್ಲ. ಮಾದರಿ ಸರದಲ್ಲಿ ಘಟಕ ಕನಿಷ್ಠ ಮೂರು ಸಲವಾದರೂ ಬರಬೇಕು. ಒಂದೇ ಸಲ ತೋರಿಸಿದರೆ ಮುಂದೆ ಯಾವ ಮಣಿ ಬಂದರೂ ತಪ್ಪೆನ್ನಲಾಗದು.

ಮೊದಲ ಹಂತ, ಮಾದರಿ ನೋಡಿ ಅದರಂತೆಯೇ ಪೋಣಿಸುವುದು. ಒಂದೊಂದೇ ಮಣಿಯನ್ನು ಹೋಲಿಸಿ ಪೋಣಿಸಿದರೂ ಸರ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಮಗುವಿಗೆ ಘಟಕ ತಿಳಿಯಿತೆಂದು ಇಷ್ಟರಿಂದಲೇ ಹೇಳಲಾಗದು. ಮಾದರಿಯನ್ನು ಬಟ್ಟೆಯಿಂದ ಮುಚ್ಚಿ ನೆನಪಿನಿಂದ ಪೋಣಿಸಲು ಹೇಳಿದಾಗ ವ್ಯತ್ಯಾಸ ಕಾಣುತ್ತದೆ. ಒಂಬತ್ತು ಮಣಿಗಳನ್ನು ಬಿಡಿಬಿಡಿಯಾಗಿ ನೆನಪಿಡುವುದು ಕಷ್ಟ, ‘ಕೆಂಪು-ನೀಲಿ-ನೀಲಿ, ಮೂರು ಸಲ’ ಎಂದು ನೆನಪಿಡುವುದು ಸುಲಭ.

ಎರಡನೆಯ ಹಂತ, ಸರವನ್ನು ಮುಂದುವರಿಸುವುದು. ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಕೆಲವು ಮಕ್ಕಳು ಕೆಂಪು-ನೀಲಿ-ಕೆಂಪು-ನೀಲಿ ಎಂದು ಒಂದೊಂದೇ ಬದಲಿಸುತ್ತಾರೆ. ಇನ್ನು ಕೆಲವರು ಸರ ಎಲ್ಲಿ ನಿಂತಿದ್ದರೂ ಹೊಸದಾಗಿ ಕೆಂಪಿನಿಂದಲೇ ಶುರುಮಾಡುತ್ತಾರೆ. ಎರಡನೆಯದನ್ನು ಪತ್ತೆಹಚ್ಚಲು ಮಾದರಿಯನ್ನು ಘಟಕದ ನಡುವೆ, ಒಂದೇ ನೀಲಿಗೆ ನಿಲ್ಲಿಸಬೇಕು. ಆಗ ಮುಂದಿನ ಮಣಿ ನೀಲಿಯೇ ಆಗಬೇಕು. ತಪ್ಪಿದ ಮಗುವಿಗೆ ಉತ್ತರ ಹೇಳುವ ಬದಲು ಒಂದೊಂದು ಘಟಕವನ್ನು ಒಂದೊಂದು ಬಟ್ಟಲಿಗೆ ಹಾಕಿಸಿದರೆ ಎಲ್ಲ ಬಟ್ಟಲಲ್ಲೂ ಒಂದೇ ಗುಂಪಿರುವುದು ಅದಕ್ಕೇ ಕಾಣುತ್ತದೆ.

ಮೂರನೆಯ ಹಂತವೇ ಬೀಜಗಣಿತಕ್ಕೆ ಹತ್ತಿರವಾದದ್ದು. ಅದೇ ವಿನ್ಯಾಸವನ್ನು ಹಳದಿ ಮತ್ತು ಹಸಿರು ಮಣಿಗಳಲ್ಲಿ ಮಾಡಿಸಬೇಕು. ಬಳಿಕ ಒಂದು ಚಪ್ಪಾಳೆ, ಎರಡು ಚಿಟಿಕೆಯಲ್ಲಿ. ಹಳದಿ-ಹಸಿರು-ಹಸಿರು ಎಂದು ಪೋಣಿಸಿದ ಮಗು ಬಣ್ಣವನ್ನು ಬಿಟ್ಟು ನಿಯಮವನ್ನು ಹಿಡಿದಿದೆ. ಕೆಂಪಿನ ಜಾಗದಲ್ಲಿ ಏನು ಬೇಕಾದರೂ ಬರಬಹುದೆಂಬ ಈ ಅರಿವೇ ಮುಂದೆ ಅಕ್ಷರವೊಂದು ಯಾವುದೇ ಸಂಖ್ಯೆಯನ್ನು ಸೂಚಿಸಬಲ್ಲದೆಂಬ ತಿಳಿವಿಗೆ ತಳಪಾಯ. ಘಟಕ ಐದು ಸಲ ಬಂದರೆ 5 ಕೆಂಪು, 10 ನೀಲಿ. n ಸಲ ಬಂದರೆ n ಕೆಂಪು, 2n ನೀಲಿ.

ಆಸ್ಟ್ರೇಲಿಯಾದಲ್ಲಿ ಮರೀನಾ ಪಾಪಿಕ್, ಜೋಆನ್ ಮಲ್ಲಿಗನ್ ಮತ್ತು ಮೈಕೆಲ್ ಮಿಚೆಲ್ಮೋರ್ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ವಿನ್ಯಾಸಗಳ ತರಬೇತಿ ಪಡೆದ ಪುಟ್ಟ ಮಕ್ಕಳು ಘಟಕವನ್ನು ಉಳಿದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಒಂದು ವರ್ಷದ ಬಳಿಕವೂ ಆ ಅಂತರ ಉಳಿದಿತ್ತು.

ಆದರೆ ಮರುಕಳಿಸುವ ಸರವೊಂದೇ ಸಾಲದು. ಒಂದು, ಎರಡು, ಮೂರು ಎಂದು ಮಣಿಗಳು ಹೆಚ್ಚುತ್ತ ಹೋಗುವ ಸಾಲುಗಳಲ್ಲಿ ಘಟಕವೇ ಬದಲಾಗುತ್ತದೆ; ಅವನ್ನು ಮುಂದಿನ ಮೆಟ್ಟಿಲಾಗಿ ಬೇರೆಯೇ ಕಲಿಸಬೇಕು.