‘ಬ್ಯುಸಿ ಇದ್ದೀನಿ’ ಅಂದರೆ ಕಾಯಬೇಕೋ, ಬಿಡಬೇಕೋ?

ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಹಿಂದಿನಂತೆಯೇ ಇವೆ. ಬದಲಾಗಿರುವುದು ಅದರ ಮುಂದಿನ ಭಾಗ. ಹೊರಡುವ ಹೊತ್ತಿಗೆ ಈಗ ಅನೇಕ ಮನೆಗಳಲ್ಲಿ ಹಿರಿಯರೇ ‘ನೀವಿಬ್ಬರೂ ನಂಬರ್ ತಗೊಳ್ಳಿ, ಮಾತಾಡಿಕೊಳ್ಳಿ’ ಅನ್ನುತ್ತಾರೆ. ಎರಡು ದಿನ ಬಿಟ್ಟು ಹುಡುಗ ‘ಭಾನುವಾರ ಕಾಫಿಗೆ ಸಿಗೋಣ್ವಾ?’ ಎಂದು ಕೇಳುತ್ತಾನೆ. ‘ಸಾರಿ, ಈ ವಾರ ತುಂಬಾ ಬ್ಯುಸಿ ಇದ್ದೀನಿ’ ಎಂದು ಉತ್ತರ ಬರುತ್ತದೆ. ಅದರ ಹಿಂದೆ ಮುಂದೆ ಇನ್ನೇನೂ ಇಲ್ಲ. ಮನೆಯಲ್ಲಿ ಅಮ್ಮ ‘ಏನಂತೆ?’ ಅಂತ ಕೇಳುತ್ತಾರೆ. ಏನು ಹೇಳುವುದು ಅವನಿಗೆ ತಿಳಿಯುವುದಿಲ್ಲ. ಹುಡುಗ ಹೀಗೆ ಉತ್ತರಿಸಿ, ಹುಡುಗಿ ಕಾದು ಕೂರುವುದೂ ಅಷ್ಟೇ ಸಾಮಾನ್ಯ.

ಹಿಂದೆ ಈ ತೊಡಕನ್ನು ಮಧ್ಯಸ್ಥರು ಹೊರುತ್ತಿದ್ದರು. ಸಂಬಂಧ ಬೇಡವಾದರೆ ‘ಜಾತಕ ಕೂಡಿ ಬರಲಿಲ್ಲವಂತೆ’ ಎಂದು ಅವರ ಬಾಯಿಂದ ಸುದ್ದಿ ಬರುತ್ತಿತ್ತು. ಅದು ನಿಜವೇ ಎಂದು ಯಾರೂ ಕೆದಕುತ್ತಿರಲಿಲ್ಲ, ಯಾರ ಮುಖವೂ ಕೆಡುತ್ತಿರಲಿಲ್ಲ. ಅದು ಇಲ್ಲ ಎಂಬುದೇ ಉತ್ತರ ಎಂದು ಎರಡೂ ಮನೆಗಳಿಗೆ ಗೊತ್ತಿರುತ್ತಿತ್ತು. ನೇರ ಮಾತುಕತೆ ಬಂದ ಮೇಲೆ ಮಧ್ಯಸ್ಥರು ಪಕ್ಕಕ್ಕೆ ಸರಿದರು. ಜಾತಕ ಮಾಡುತ್ತಿದ್ದ ಕೆಲಸವನ್ನು ‘ಬ್ಯುಸಿ’ ಮಾಡುತ್ತಿದೆ. ಆದರೆ ಜಾತಕದ ನೆಪಕ್ಕೆ ಒಂದೇ ಅರ್ಥವಿತ್ತು. ‘ಬ್ಯುಸಿ’ಗೆ ಎರಡಿವೆ, ಯಾಕೆಂದರೆ ಜನ ನಿಜವಾಗಿಯೂ ಬ್ಯುಸಿ ಇರುತ್ತಾರೆ.

ಜನ ನೇರವಾಗಿ ಬೇಡ ಅನ್ನದೆ ಹೀಗೇಕೆ ಸುತ್ತಿ ಬಳಸುತ್ತಾರೆ ಎಂದು ಸಿಟ್ಟಾಗುವವರು ಒಂದು ಸಂಶೋಧನೆಯನ್ನು ಗಮನಿಸಬೇಕು. ಬ್ರಿಟನ್ನಿನ ಸೀಲಿಯಾ ಕಿಟ್ಸಿಂಗರ್ ಮತ್ತು ಹನ್ನಾ ಫ್ರಿತ್ 1999ರಲ್ಲಿ ನಿರಾಕರಣೆಯ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. ನಿತ್ಯದ ಮಾತಿನಲ್ಲಿ ಜನ ‘ಇಲ್ಲ’ ಎಂದು ಬರಿದಾಗಿ ಹೇಳುವುದು ಕಡಿಮೆ. ಸ್ವಲ್ಪ ತಡೆದು, ಒಂದು ಒಳ್ಳೆಯ ಮಾತು ಸೇರಿಸಿ, ಕಾರಣ ಕೊಟ್ಟು ಜಾರಿಕೊಳ್ಳುತ್ತಾರೆ. ಕೇಳುವವರಿಗೂ ಅದು ನಿರಾಕರಣೆ ಎಂದು ಸಾಮಾನ್ಯವಾಗಿ ಅರ್ಥವಾಗುತ್ತದೆ ಎಂಬುದು ಅವರ ವಾದ. ಹಾಗಾಗಿ ‘ಬಾಯಿ ಬಿಟ್ಟು ಬೇಡ ಅನ್ನಲಿಲ್ಲವಲ್ಲ’ ಎಂದು ಬೆನ್ನು ಹತ್ತುವುದಕ್ಕೆ ಆಧಾರವಿಲ್ಲ. ಹೆಣ್ಣುಮಕ್ಕಳಿಗಂತೂ ಕಡ್ಡಿ ತುಂಡು ಮಾಡಿದಂತೆ ಬೇಡ ಅನ್ನುವುದರಲ್ಲಿ ಬೇರೆ ಭಯಗಳೂ ಇರುತ್ತವೆ. ಮೃದುವಾಗಿ ಹೇಳಿದ ‘ಇಲ್ಲ’ಕ್ಕೂ ಪೂರ್ತಿ ‘ಇಲ್ಲ’ದ ಬೆಲೆ ಇದೆ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಹುಡುಗಿ ಮೈಸೂರಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಶ್ರಾವಣದಲ್ಲಿ ನೋಡಿ ಬಂದರು, ಸೆಪ್ಟೆಂಬರ್ ಮೊದಲ ವಾರ ಹುಡುಗ ಕಾಫಿಗೆ ಕರೆದ, ‘ಬ್ಯುಸಿ’ ಎಂಬ ಉತ್ತರ ಬಂತು.

ಮೊದಲು ನೋಡಬೇಕಾದದ್ದು ಅವಳ ಮನಸ್ಸನ್ನಲ್ಲ, ಅವಳ ಕ್ಯಾಲೆಂಡರನ್ನು. ತೆರಿಗೆ ಆಡಿಟ್ ವರದಿ ಸಲ್ಲಿಸುವ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್ 30. ಆಡಿಟ್ ಕಚೇರಿಗಳಲ್ಲಿ ಆ ತಿಂಗಳು ಭಾನುವಾರಕ್ಕೂ ಬಿಡುವಿರುವುದಿಲ್ಲ. ಜೊತೆಗೆ ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಪಿತೃಪಕ್ಷ ಬರುತ್ತದೆ. ಮಹಾಲಯ ಅಮಾವಾಸ್ಯೆ ಕಳೆಯುವವರೆಗೆ ಶುಭದ ಮಾತು ಎತ್ತದ ಮನೆಗಳು ಬೇಕಾದಷ್ಟಿವೆ. ಅಂದರೆ ಈ ಹುಡುಗಿಯ ‘ಬ್ಯುಸಿ’ಗೆ ಹೊರಗಿನಿಂದಲೇ ಕಾಣುವ ಆಧಾರ ಇದೆ. ಇದೇ ಮಾತನ್ನು ನವೆಂಬರಿನಲ್ಲಿ ಹೇಳಿದ್ದರೆ ತೂಕ ಬೇರೆ. ಶಾಲಾ ಶಿಕ್ಷಕರಿಗೆ ಮೌಲ್ಯಮಾಪನದ ದಿನಗಳು, ಬ್ಯಾಂಕಿನವರಿಗೆ ಮಾರ್ಚ್ ಕೊನೆ, ಕಾಫಿ ತೋಟದವರಿಗೆ ಡಿಸೆಂಬರ್‌ನಿಂದ ಶುರುವಾಗುವ ಹಣ್ಣು ಕೊಯ್ಲು ಹೀಗೆಯೇ. ಆದರೆ ಒಂದು ಮಿತಿ ನೆನಪಿರಲಿ: ಕೆಲಸ ನಿಜವಾಗಿದ್ದರೆ ಆಸಕ್ತಿಯೂ ಇದೆ ಎಂದಾಗಲಿಲ್ಲ. ಆಡಿಟ್ ಕಷ್ಟದಲ್ಲಿರುವ ಹುಡುಗಿಗೂ ಸಂಬಂಧ ಹಿಡಿಸದೇ ಇರಬಹುದು.

ಹಾಗಾಗಿ ಮುಂದೆ ನೋಡಬೇಕಾದದ್ದು ಆ ಮಾತಿನ ಬಾಲವನ್ನು. ‘ಆಡಿಟ್ ನಡೀತಿದೆ, 30ರ ತನಕ ತಲೆ ಎತ್ತೋಕಾಗಲ್ಲ, ಅದರ ಮುಂದಿನ ಶನಿವಾರ ಆಗುತ್ತಾ?’ ಎಂದು ಬಂದರೆ ಅನುಮಾನಕ್ಕೆ ಎಡೆಯಿಲ್ಲ. ಕಾರಣಕ್ಕೆ ಒಂದು ಕೊನೆ ಇದೆ, ಅದರ ಆಚೆಗೆ ಅವಳೇ ಒಂದು ದಿನ ಇಟ್ಟಿದ್ದಾಳೆ. ‘ನೋಡೋಣ, ಫ್ರೀ ಆದಾಗ ಹೇಳ್ತೀನಿ’ ಎಂದು ಬಂದರೆ ಇಲ್ಲದ ಕಡೆಗೆ ವಾಲುತ್ತದೆ. ಆದರೂ ಅಷ್ಟರಿಂದಲೇ ತೀರ್ಮಾನಿಸಬಾರದು. ಅಪ್ಪ ಅಮ್ಮನನ್ನು ಕೇಳದೆ ದಿನ ಗೊತ್ತುಮಾಡುವ ಅಭ್ಯಾಸ ಇಲ್ಲದ ಹುಡುಗಿಯೂ ಹೀಗೇ ಬರೆಯುತ್ತಾಳೆ.

ನಮ್ಮ ಉದಾಹರಣೆಯಲ್ಲಿ ಬಾಲವೇ ಇಲ್ಲ. ಇಂಥ ಕಡೆ ಜನ ಬೇರೆ ಸುಳಿವು ಹುಡುಕಲು ಹೊರಡುತ್ತಾರೆ. ಲಾಸ್ಟ್ ಸೀನ್ ನೋಡುತ್ತಾರೆ, ನೀಲಿ ಗೆರೆ ನೋಡುತ್ತಾರೆ, ‘ಸ್ಟೇಟಸ್ ಹಾಕೋಕೆ ಟೈಮ್ ಇದೆ, ನನಗೆ ಇಲ್ವಾ?’ ಎಂದು ಕುದಿಯುತ್ತಾರೆ. ಇದರಿಂದ ಏನೂ ತಿಳಿಯುವುದಿಲ್ಲ. ಸ್ಟೇಟಸ್ ಹಾಕಲು ಅರ್ಧ ನಿಮಿಷ ಸಾಕು. ಮದುವೆಯಾಗಬಹುದಾದ ವ್ಯಕ್ತಿಗೆ ಉತ್ತರ ಬರೆಯಲು ಮನಸ್ಸು ಒಂದು ಕಡೆ ನಿಲ್ಲಬೇಕು. ಎಷ್ಟೋ ಸಲ ಆಸಕ್ತಿ ಇರುವವರೇ ‘ಚೆನ್ನಾಗಿ ಬರೆಯೋಣ’ ಎಂದು ಮುಂದೂಡುತ್ತಾರೆ.

ಇನ್ನು ಕೆಲವರು ಸಂಪರ್ಕ ತಪ್ಪಬಾರದೆಂದು ದಿನವೂ ಗುಡ್ ಮಾರ್ನಿಂಗ್ ಕಳಿಸುತ್ತಾರೆ. ಆ ಕಡೆಯಿಂದ ನಗುಮೊಗದ ಚಿತ್ರವೊಂದು ವಾಪಸ್ ಬರುತ್ತದೆ, ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಾರೆ. ಅದು ಬರೀ ಮರ್ಯಾದೆಯೂ ಆಗಿರಬಹುದು. ಆಸಕ್ತಿ ಇರುವವರು ಬಿಡುವಾದಾಗ ತಾವಾಗಿಯೇ ಒಂದು ಮಾತು ಎತ್ತುತ್ತಾರೆ, ಎಲ್ಲಕ್ಕಿಂತ ಗಟ್ಟಿ ಸುಳಿವು ಅದೇ. ನೀವು ದಿನವೂ ಬಾಗಿಲು ಬಡಿಯುತ್ತಿದ್ದರೆ ಅವರಾಗಿ ಬರುತ್ತಾರೋ ಇಲ್ಲವೋ ಎಂದು ನೋಡಲು ಜಾಗವೇ ಉಳಿಯುವುದಿಲ್ಲ.

ಊಹೆ ಕಟ್ಟುವುದಕ್ಕಿಂತ ಒಂದು ಸರಿಯಾದ ಪ್ರಶ್ನೆ ಕೇಳುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಹಾಗಾದ್ರೆ ಯಾವಾಗ ಫ್ರೀ ಇರ್ತೀರಾ?’ ಎಂಬುದು ಸರಿಯಾದ ಪ್ರಶ್ನೆಯಲ್ಲ. ಬೇಡ ಅನ್ನುವವರೂ ಸಮಯ ಬೇಕಾದವರೂ ಅದಕ್ಕೆ ‘ಹೇಳ್ತೀನಿ’ ಎಂದೇ ಉತ್ತರಿಸುತ್ತಾರೆ. ಇಬ್ಬರೂ ಬೇರೆ ಬೇರೆ ಉತ್ತರ ಕೊಡುವಂಥ ಪ್ರಶ್ನೆ ಬೇಕು. ಹುಡುಗ ಹೀಗೆ ಬರೆಯಬಹುದು: ‘ಸರಿ, ಸೆಪ್ಟೆಂಬರ್ ನಿಮಗೆ ಕಷ್ಟದ ತಿಂಗಳು ಅಂತ ಗೊತ್ತು. ಅಕ್ಟೋಬರ್ ಮೊದಲ ವಾರ ಒಂದು ಹತ್ತು ನಿಮಿಷ ಫೋನಲ್ಲಿ ಮಾತಾಡೋಣ್ವಾ? ಈ ವಿಷಯ ಮುಂದುವರಿಸೋದು ಬೇಡ ಅನ್ನಿಸಿದ್ರೆ ಅದನ್ನೂ ಧಾರಾಳವಾಗಿ ಹೇಳಿ. ನಮ್ಮ ಮನೇಲಿ ನಾನೇ ಹೇಳ್ತೀನಿ, ನಿಮ್ಮ ಮೇಲೆ ಮಾತು ಬರಲ್ಲ.’

ಇದರಲ್ಲಿ ಅವಳ ಕೆಲಸ ಮುಗಿದ ನಂತರದ ದಿನವನ್ನೇ ಕೇಳಿರುವುದರಿಂದ ‘ಬ್ಯುಸಿ’ ಎಂಬ ಕಾರಣ ಮತ್ತೆ ಸಲ್ಲುವುದಿಲ್ಲ. ಕೇಳಿದ್ದೂ ಚಿಕ್ಕದು, ಮೈಸೂರಿನಿಂದ ಬೆಂಗಳೂರಿಗೆ ಬರುವ ಮಾತಿಲ್ಲ, ಹತ್ತು ನಿಮಿಷದ ಫೋನು. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಅನೇಕ ಬಾರಿ ಹುಡುಗಿ ಹೆದರುವುದು ಹುಡುಗನ ಬೇಸರಕ್ಕಲ್ಲ. ‘ಇಷ್ಟು ಒಳ್ಳೆ ಸಂಬಂಧ ಯಾಕೆ ಬಿಟ್ಟೆ?’ ಎಂದು ಮನೆಯವರು ಕೇಳುತ್ತಾರಲ್ಲ, ಅದಕ್ಕೆ. ಆ ಹೊರೆಯನ್ನು ಹುಡುಗ ತಾನು ಹೊತ್ತುಕೊಂಡರೆ, ಮಧ್ಯಸ್ಥರು ಹಿಂದೆ ಮಾಡುತ್ತಿದ್ದ ಉಪಕಾರವನ್ನು ಅವನೇ ಮಾಡಿದಂತಾಗುತ್ತದೆ. ‘ಬೇಡ’ ಅನ್ನುವುದು ಸುಲಭವಾದಾಗ ಬೇಡವಾದವರು ಅದನ್ನು ಹೇಳಲು ಹಿಂಜರಿಯುವುದಿಲ್ಲ. ನಿಜವಾಗಿ ಸಮಯ ಬೇಕಾದವರು ‘ಅಯ್ಯೋ ಹಾಗಲ್ಲ’ ಎಂದು ದಿನ ಹೇಳುತ್ತಾರೆ.

ಮತ್ತೆ ‘ಸರಿ, ನೋಡೋಣ’ ಎಂದಷ್ಟೇ ಬಂದರೆ? ಅಕ್ಟೋಬರ್ ಮೊದಲ ವಾರದವರೆಗೆ ಸುಮ್ಮನಿರಬೇಕು. ಆ ವಾರ ಕಳೆದು ಹೋದರೂ ತಕ್ಷಣ ಲೆಕ್ಕ ಮುಗಿಸಬಾರದು, ಯಾಕೆಂದರೆ ತಮ್ಮ ಕೆಲಸ ಯಾವಾಗ ಮುಗಿಯುತ್ತದೆ ಎಂದು ಅಂದಾಜು ಮಾಡುವುದರಲ್ಲಿ ಮನುಷ್ಯರು ಕೆಟ್ಟವರು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಕೆನಡಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆ ಅಂದಿದ್ದರು. ಹಿಡಿದದ್ದು ಸುಮಾರು 55 ದಿನ. ಅವರು ಯಾರಿಗೂ ನೆಪ ಹೇಳುತ್ತಿರಲಿಲ್ಲ, ತಾವೇ ಹಾಗೆ ನಂಬಿದ್ದರು. ಹೀಗಾಗಿ ಒಂದು ಸಲ ದಿನ ತಪ್ಪಿದ್ದು ನಿರಾಕರಣೆಯ ಗುರುತಲ್ಲ. ತಪ್ಪಿದ್ದನ್ನು ಯಾರು ಹೇಳಿದರು ಎಂಬುದು ಗುರುತು. ‘ಸಾರಿ, ಕೆಲಸ ಇನ್ನೂ ಮುಗಿದಿಲ್ಲ, ಮುಂದಿನ ವಾರ ಖಂಡಿತ’ ಎಂದು ಅವಳಾಗಿ ತಿಳಿಸಿದರೆ ಕಾಯಲು ಕಾರಣವಿದೆ. ನೀವು ಕೇಳಿದ ಮೇಲೆ ಮಾತ್ರ ಹೊಸ ಕಾರಣ ಹುಟ್ಟಿಕೊಂಡರೆ, ಅದಕ್ಕೆ ಮತ್ತೆ ದಿನವಿಲ್ಲದಿದ್ದರೆ, ಉತ್ತರ ಸಿಕ್ಕಿದೆ.

ಎರಡಕ್ಕೂ ಸೇರದ ಮೂರನೆಯ ಸ್ಥಿತಿಯೂ ಒಂದಿದೆ. ಇನ್ನೊಂದು ಸಂಬಂಧದ ಮಾತು ನಡೆಯುತ್ತಿರುತ್ತದೆ. ಅದು ಕೂಡಿಬರದಿದ್ದರೆ ಇದು ಇರಲಿ ಎಂದು ಹಿರಿಯರು ತಡೆದಿಟ್ಟಿರುತ್ತಾರೆ. ಇಲ್ಲಿ ಹುಡುಗಿಯ ಮಾತು ಬೆಚ್ಚಗಿರುತ್ತದೆ, ದಿನ ಮಾತ್ರ ಗೊತ್ತಾಗುವುದಿಲ್ಲ. ಒಳಗಿನದನ್ನು ಬಗೆಯಲು ಹೋಗದೆ ನಿಮ್ಮ ಕಡೆಯ ಗಡುವು ತಿಳಿಸುವುದೇ ಇದಕ್ಕೆ ದಾರಿ: ‘ದೀಪಾವಳಿ ತನಕ ನಿಮ್ಮ ಮಾತಿಗೆ ಕಾಯ್ತೀವಿ, ಆಮೇಲೆ ನಮ್ಮನೇಲಿ ಬೇರೆ ಕಡೆ ನೋಡ್ತಾರೆ.’ ಇದನ್ನು ಬೆದರಿಕೆಯಂತಲ್ಲದೆ ಮಾಹಿತಿಯಂತೆ ಹೇಳಬೇಕು, ಒಮ್ಮೆ ಮಾತ್ರ ಹೇಳಬೇಕು. ದೀಪಾವಳಿ ಕಳೆದ ಮೇಲೆ ನಿಜವಾಗಿಯೂ ಮುಂದೆ ಹೋಗಬೇಕು.

ಈ ಎರಡನೇ ಸಂದೇಶದ ನಂತರವೂ ಮೌನವೇ ಬಂದರೆ ಮೂರನೆಯದು ಬೇಡ. ಅವಳ ಕಚೇರಿಗೆ ಫೋನ್ ಮಾಡುವುದು, ಅಣ್ಣನ ಸ್ನೇಹಿತರ ಮೂಲಕ ವಿಚಾರಿಸುವುದು ಖಂಡಿತ ಬೇಡ. ಆ ಹೊತ್ತಿಗೆ ಅವಳ ಉತ್ತರ ಸ್ಪಷ್ಟವಾಗಿಯೇ ಬಂದಿದೆ.

ಈ ಮಾತನ್ನು ಕಳಿಸುವ ಕಡೆ ಇರುವವರಲ್ಲೂ ಒಂದು ವಿನಂತಿ. ಎದುರಿನವರು ಕಾಟ ಕೊಡುವಂಥವರು ಅನ್ನಿಸಿದರೆ ನೀವು ಯಾವ ವಿವರಣೆಗೂ ಬಾಧ್ಯರಲ್ಲ, ಉತ್ತರಿಸದೆ ಬಿಡಿ. ಸಭ್ಯರು ಅನ್ನಿಸಿದರೆ ‘ಬ್ಯುಸಿ’ ಎಂಬುದಕ್ಕೆ ಇನ್ನೊಂದು ಸಾಲು ಸೇರಿಸಿ. ಸಮಯ ಬೇಕಿದ್ದರೆ ಒಂದು ದಿನ ಬರೆಯಿರಿ, ಅದು ಆಮೇಲೆ ಬದಲಾದರೂ ಚಿಂತೆಯಿಲ್ಲ. ಬೇಡವಾಗಿದ್ದರೆ ‘ನೀವು ಚೆನ್ನಾಗಿ ಮಾತಾಡಿಸಿದ್ರಿ, ಆದ್ರೆ ನಮಗೆ ಹೊಂದಿಕೆ ಆಗಲ್ಲ ಅನ್ನಿಸ್ತು’ ಎಂದು ಬರೆಯಿರಿ. ಎರಡು ಮನೆಯವರು ಅದನ್ನು ಓದಿ ಒಂದೆರಡು ದಿನ ಬೇಸರಪಟ್ಟು, ಬೇರೆ ಸಂಬಂಧ ನೋಡಲು ಶುರುಮಾಡುತ್ತಾರೆ.